ಪಟ್ಟಿಗೆ ಸೇರದ ಇಮೇಲ್

ರಾಗಿ ತಳಿಯೊಂದರ ಬಗ್ಗೆ ಪ್ರಬಂಧ ಬರೆಯುವ ವಿದ್ಯಾರ್ಥಿನಿಗೆ ನಿವೃತ್ತ ಕೃಷಿ ವಿಜ್ಞಾನಿಯೊಬ್ಬರು ಇಮೇಲ್‌ನಲ್ಲಿ ಉತ್ತರ ಕೊಟ್ಟಿದ್ದಾರೆ ಎನ್ನಿ. ಆ ಮಾಹಿತಿ ಬೇರೆಲ್ಲೂ ಅಚ್ಚಾಗಿಲ್ಲ. ಎಪಿಎ ಶೈಲಿಯಲ್ಲಿ ಅದನ್ನು ವಾಕ್ಯದ ಜೊತೆಗೇ ಆವರಣದೊಳಗೆ ಸೂಚಿಸಬೇಕು: ವಿಜ್ಞಾನಿಯ ಇನಿಷಿಯಲ್ ಮತ್ತು ಹೆಸರು, ‘ವೈಯಕ್ತಿಕ ಸಂವಹನ’ ಎಂಬ ಮಾತು, ‘ಮಾರ್ಚ್ 12, 2024’ ಎಂಬಂತೆ ಪೂರ್ತಿ ದಿನಾಂಕ. ಕೊನೆಯ ಆಕರಪಟ್ಟಿಗೆ ಅದು ಹೋಗುವುದಿಲ್ಲ. ಪಟ್ಟಿ ಇರುವುದೇ ಓದುಗರು ಮೂಲವನ್ನು ತಾವೇ ಹುಡುಕಿ ನೋಡಲೆಂದು; ಇನ್ನೊಬ್ಬರ ಇನ್‌ಬಾಕ್ಸ್ ಅವರ ಕೈಗೆ ಸಿಗದು. ರೆಕಾರ್ಡ್ ಆಗದ ತರಗತಿಯ ಉಪನ್ಯಾಸಕ್ಕೂ ಇದೇ ನಿಯಮ. ಅದೇ ಉಪನ್ಯಾಸ ಯೂಟ್ಯೂಬ್‌ನಲ್ಲಿ ಎಲ್ಲರಿಗೂ ಸಿಗುವಂತಿದ್ದರೆ ಪಟ್ಟಿಗೆ ಸೇರಲೇಬೇಕು. ಅಧ್ಯಯನಕ್ಕೆಂದು ಆಕೆಯೇ ಸಂದರ್ಶಿಸಿದ ರೈತರ ಮಾತು ಮಾತ್ರ ಬೇರೆ. ಅದು ಸಂಶೋಧನೆಯ ದತ್ತಾಂಶ. ವೈಯಕ್ತಿಕ ಸಂವಹನವೆಂದು ಹೆಸರು ಹಾಕಿದರೆ ಅವರಿಗೆ ಕೊಟ್ಟ ಗೋಪ್ಯತೆಯ ಭರವಸೆ ಮುರಿದಂತೆ.