ಆಡಿಟ್ ಮುಗಿದ ದಿನದ ನಡಾವಳಿ

ಹೊರಗಿನಿಂದ ಬಂದ ಲೆಕ್ಕಪರಿಶೋಧಕರು ಕೆಲಸ ಮುಗಿಸಿ ಹೊರಡುವ ಮುನ್ನ ಆಡಳಿತದವರ ಜೊತೆ ಒಮ್ಮೆ ಕೂರುತ್ತಾರೆ. ಇದೇ ಎಕ್ಸಿಟ್ ಮೀಟಿಂಗ್. ಟೀ, ಬಿಸ್ಕತ್ತಿನ ಶಿಷ್ಟಾಚಾರದಂತೆ ಕಂಡರೂ ಅಂದಿನ ನಡಾವಳಿಯನ್ನು ಹೇಗೆ ಬರೆದರು ಎಂಬುದರ ಮೇಲೆ ಬಹಳಷ್ಟು ನಿಂತಿರುತ್ತದೆ.

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಸಣ್ಣ ಕಂಪನಿ ಎಂದುಕೊಳ್ಳಿ. ಮಾರ್ಚ್ 30ಕ್ಕೆ 18 ಲಕ್ಷ ರೂಪಾಯಿಯ ಬಿಲ್ ಆಗಿದೆ, ಮಾರಾಟ ಆ ವರ್ಷದ ಲೆಕ್ಕಕ್ಕೇ ಸೇರಿದೆ. ಗೇಟ್ ರಿಜಿಸ್ಟರ್ ನೋಡಿದರೆ ಲಾರಿ ಹೊರಟಿದ್ದು ಏಪ್ರಿಲ್ 2ರಂದು! ವರ್ಷದ ಕೊನೆಯ ಬಿಲ್‌ಗಳನ್ನೂ ಗೇಟ್ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಆಡಿಟರ್‌ಗಳ ಹಳೆಯ ಪಟ್ಟು.

“ಗಿರಾಕಿಯೇ ನಾಲ್ಕು ದಿನ ಬಿಟ್ಟು ಕಳಿಸಿ ಅಂದಿದ್ರು ಸಾರ್” ಎನ್ನುತ್ತಾರೆ ಅಕೌಂಟ್ಸ್ ಮ್ಯಾನೇಜರ್. ಈ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಕೊಳ್ಳುವವರೇ ತಡ ಮಾಡಿ ಎಂದು ಕೇಳಿ, ಮಾಲಿನ ಒಡೆತನವನ್ನೂ ಬಿಲ್ಲನ್ನೂ ಒಪ್ಪಿಕೊಂಡಿದ್ದು, ಅವರ ಮಾಲು ಬೇರೆಯಾಗಿ ಗುರುತಾಗಿ ಸಿದ್ಧವಿದ್ದರೆ ಮಾರಾಟ ತೋರಿಸಲು ಲೆಕ್ಕಪತ್ರ ಮಾನದಂಡ 9 ಅವಕಾಶ ಕೊಡುತ್ತದೆ. ಆದರೆ ಮ್ಯಾನೇಜರ್ ತೋರಿಸಿದ ಇಮೇಲ್‌ನ ತಾರೀಖು ಏಪ್ರಿಲ್ 4. ಅಲ್ಲಿಗೆ ವಾದ ಬಿತ್ತು.

ಈಗ ನಡಾವಳಿ. “ಆಕ್ಷೇಪಣೆಯನ್ನು ಗಮನಿಸಲಾಗಿದೆ, ಮುಂದೆ ಎಚ್ಚರ ವಹಿಸಲಾಗುವುದು” ಎಂದು ಬರೆದರೆ ಯಾರೂ ಏನನ್ನೂ ಒಪ್ಪಿಕೊಂಡಂತಾಗಲಿಲ್ಲ. ಬರೆಯಬೇಕಾದ್ದು ಹೀಗೆ: 18 ಲಕ್ಷದ ಮಾರಾಟವನ್ನು ಈ ವರ್ಷದ ಲೆಕ್ಕದಿಂದ ತೆಗೆಯಲು ಆಡಳಿತ ಒಪ್ಪಿದೆ, ಬಿಲ್ ಆಗಿದೆಯೆಂದು ದಾಸ್ತಾನು ಪಟ್ಟಿಯಿಂದ ಬಿಟ್ಟಿದ್ದ ಆ ಮಾಲನ್ನು ಅದರ ತಯಾರಿಕಾ ವೆಚ್ಚ 14 ಲಕ್ಷಕ್ಕೆ ಮತ್ತೆ ಸೇರಿಸಲಾಗುವುದು, ಲಾಭ 4 ಲಕ್ಷ ಇಳಿಯುತ್ತದೆ. ಇಷ್ಟು ಈ ವರ್ಷದ ತಿದ್ದುಪಡಿ. ಇನ್ನು ಮುಂದೆ ಪ್ರತಿ ತಿಂಗಳ ಕೊನೆಯ ದಿನ ಬಿಲ್‌ಗಳನ್ನು ಗೇಟ್ ರಿಜಿಸ್ಟರ್ ಜೊತೆ ತಾಳೆ ನೋಡಿ ಸಹಿ ಹಾಕುವುದು ಯಾರು, ಯಾವ ತಿಂಗಳಿಂದ ಎಂಬುದೂ ಅಲ್ಲೇ ಬರಬೇಕು. ಸಹಿಯಾದ ಆ ಹಾಳೆಯನ್ನೇ ಮುಂದಿನ ವರ್ಷದ ಆಡಿಟರ್ ಕೇಳುವುದು.

ಎಲ್ಲದಕ್ಕೂ ಒಪ್ಪಿಗೆ ಸಿಗುವುದಿಲ್ಲ. ಎರಡು ವರ್ಷದಿಂದ ಬಾರದ 6 ಲಕ್ಷದ ಬಾಕಿಯನ್ನು ಆಡಿಟರ್ ಮುಳುಗಿದ ಸಾಲ ಎಂದರೆ, ಆಡಳಿತ ಬಂದೇ ಬರುತ್ತದೆ ಎನ್ನಬಹುದು. ಆಗ “ಚರ್ಚಿಸಲಾಯಿತು” ಎಂದು ಜಾರಿಕೊಳ್ಳದೆ ಎರಡೂ ಕಡೆಯ ಮಾತನ್ನು ಬರೆದು, ಆಡಳಿತ ಯಾವ ತಾರೀಖಿನೊಳಗೆ ಏನು ದಾಖಲೆ ಕೊಡುತ್ತದೆ ಎಂದು ಸೇರಿಸಬೇಕು. ದಾಖಲೆ ಬಾರದೆ, ಮೊತ್ತವೂ ಕಂಪನಿಯ ಲೆಕ್ಕದಲ್ಲಿ ದೊಡ್ಡದೇ ಆಗಿದ್ದರೆ ಆಡಿಟರ್ ತಮ್ಮ ವರದಿಯಲ್ಲೇ ತಕರಾರು ದಾಖಲಿಸಬೇಕಾಗುತ್ತದೆ. ನಡಾವಳಿಯ ಸಹಿ ಅದನ್ನು ತಡೆಯುವುದಿಲ್ಲ.

ನೀವು ಇಂಥ ಸಭೆಯಲ್ಲಿ ಕೂರುವ ನಿರ್ದೇಶಕರೋ ಖಜಾಂಚಿಯೋ ಆಗಿದ್ದರೆ, ಸಹಿ ಹಾಕುವ ಮೊದಲು ಹೋದ ವರ್ಷದ ನಡಾವಳಿಯನ್ನು ತರಿಸಿ ಓದಿ. ಅದೇ ಆಕ್ಷೇಪಣೆ, ಅದೇ ಉತ್ತರ ಅಲ್ಲೂ ಇದ್ದರೆ, ವರ್ಷವಿಡೀ ಆ ಕೆಲಸ ಯಾರ ಮೇಜಿನ ಮೇಲಿತ್ತು ಎಂದು ಸಭೆಯಲ್ಲೇ ಕೇಳಿ.