ಬಸ್ಸಾರಿಗೆ ನಿಮ್ಮ ಮನೆಯಲ್ಲಿ ಯಾವ ಸೊಪ್ಪು?

ಯೂಟ್ಯೂಬ್‌ನಲ್ಲಿ ಕನ್ನಡದ ಹೊಸ ಅಡುಗೆ ಚಾನೆಲ್ ಶುರುವಾದಾಗ ಮೊದಲ ಪೋಸ್ಟ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ‘ಎಲ್ಲರಿಗೂ ನಮಸ್ಕಾರ, ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ನಿಮಗೆ ಯಾವ ಅಡುಗೆ ಬೇಕೋ ಕಾಮೆಂಟ್‌ನಲ್ಲಿ ತಿಳಿಸಿ.’ ಇದಕ್ಕೆ ಬರುವ ಉತ್ತರಗಳೂ ಊಹಿಸುವಂಥವೇ. ಬಿರಿಯಾನಿ, ಕೇಕ್, ಗೋಬಿ ಮಂಚೂರಿ, ‘ಸೂಪರ್ ಅಕ್ಕ’. ಈಗಾಗಲೇ ನೂರಾರು ಚಾನೆಲ್‌ಗಳು ಮಾಡಿ ತೋರಿಸಿರುವ ತಿಂಡಿಗಳೇ ಮತ್ತೆ ಪಟ್ಟಿಯಾಗಿ ಬರುತ್ತವೆ. ಕೇಳಿದವರಿಗೂ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ.

ತಪ್ಪು ನೋಡುಗರದ್ದಲ್ಲ. ಯಾವ ಅಡುಗೆ ಬೇಕೆಂದು ಥಟ್ಟನೆ ಕೇಳಿದರೆ ಯಾರಿಗಾದರೂ ಮೊದಲು ನೆನಪಾಗುವುದು ಹೋಟೆಲಿನ ತಿಂಡಿಯೇ ಹೊರತು ನಿನ್ನೆ ರಾತ್ರಿ ಮನೆಯಲ್ಲಿ ಉಂಡ ಸಾರಲ್ಲ. ಆ ಸಾರಿನ ವಿಷಯ ಹೊರಗೆ ಬರಬೇಕಾದರೆ ಪ್ರಶ್ನೆ ಕಿರಿದಾಗಬೇಕು.

ಹಾಸನ ಕಡೆಯ ಮನೆ ಅಡುಗೆಯ ಚಾನೆಲೊಂದು ಶುರುವಾಗುತ್ತಿದೆ, ಅದರ ಮೊದಲ ವಿಡಿಯೊ ಬಸ್ಸಾರಿನದು ಎಂದುಕೊಳ್ಳೋಣ. ಅದರ ಮೊದಲ ಪೋಸ್ಟ್ ಹೀಗಿರಬಹುದು: ‘ನಮಸ್ಕಾರ. ಹಾಸನ ಕಡೆಯ ದಿನನಿತ್ಯದ ಅಡುಗೆಯನ್ನು ಇಲ್ಲಿ ತೋರಿಸುತ್ತೇವೆ. ಪ್ರತಿ ಶನಿವಾರ ಬೆಳಿಗ್ಗೆ ಒಂದು ವಿಡಿಯೊ. ಮೊದಲನೆಯದು ಬಸ್ಸಾರು. ನಿಮ್ಮ ಮನೆಯಲ್ಲಿ ಬಸ್ಸಾರಿಗೆ ಯಾವ ಸೊಪ್ಪು, ಯಾವ ಕಾಳು ಹಾಕುತ್ತೀರಿ? ಊರಿನ ಹೆಸರಿನ ಜೊತೆ ಬರೆಯಿರಿ. ಅದರಲ್ಲೊಂದನ್ನು ಮಾಡಿ ತೋರಿಸುತ್ತೇವೆ. ಮುಂದಿನ ಶನಿವಾರದ ವಿಡಿಯೊ ತಪ್ಪಬಾರದೆಂದರೆ ಸಬ್‌ಸ್ಕ್ರೈಬ್ ಆಗಿ.’

ಇಷ್ಟರಲ್ಲೇ ಚಾನೆಲ್ ಯಾವ ಸೀಮೆಯದು, ವಿಡಿಯೊ ಯಾವಾಗ ಬರುತ್ತದೆ, ಸಬ್‌ಸ್ಕ್ರೈಬ್ ಆದರೆ ಏನು ಸಿಗುತ್ತದೆ ಎಲ್ಲವೂ ತಿಳಿಯಿತು. ಪ್ರಶ್ನೆಯೂ ಒಂದೇ. ಬಸ್ಸಾರು ಮಾಡುವವರೆಲ್ಲರ ಬಳಿ ಅದಕ್ಕೆ ಉತ್ತರವಿದೆ. ಊರನ್ನು ಮೊದಲೇ ಹೇಳುವುದು ಬಹಳ ಮುಖ್ಯ. ಕಾಸರಗೋಡು ಕಡೆಯ ಸಹೋದರರ ‘ಭಟ್ ಎನ್ ಭಟ್’ ಚಾನೆಲನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಹಲಸು, ಕೆಸು, ಅವರ ಮಾತಿನ ಧಾಟಿ, ಯಾವುದನ್ನು ಗಮನಿಸಿದರೂ ಅದು ಯಾವ ಸೀಮೆಯ ಅಡುಗೆ ಎಂದು ಎರಡು ನಿಮಿಷದಲ್ಲಿ ಗುರುತು ಸಿಗುತ್ತದೆ. ಅಂಥ ಚಾನೆಲ್‌ಗೆ ಯಾವ ಅಡುಗೆಯನ್ನು ಸೂಚಿಸಬಹುದೆಂದು ನೋಡುಗರಿಗೆ ಬೇರೆ ಹೇಳಬೇಕಾಗಿಲ್ಲ.

ಇನ್ನು ಉತ್ತರ ಬಂದ ಮೇಲಿನ ಕೆಲಸ. ಮಂಡ್ಯದ ಹಿರಿಯರೊಬ್ಬರು ‘ದಂಟಿನ ಸೊಪ್ಪು, ಅರ್ಧ ಪಾವು ತೊಗರಿಬೇಳೆ, ನೀರು ಜಾಸ್ತಿ ಇಟ್ಟು ಬೇಯಿಸಿ ಬಸೀಬೇಕು’ ಎಂದು ಬರೆದರು ಅನ್ನಿ. ಸೂಚನೆ ಚೆನ್ನಾಗಿದೆ, ಆದರೆ ಕ್ಯಾಮೆರಾ ಮುಂದೆ ಇಡುವಷ್ಟು ವಿವರ ಅದರಲ್ಲಿಲ್ಲ. ಹಳೆಯ ಪಾವಿನ ಅಳತೆ ಇವತ್ತಿನ ಅಡುಗೆಮನೆಗಳಲ್ಲಿ ಒಂದೇ ಸಮ ಉಳಿದಿಲ್ಲ. ‘ಅಮ್ಮ, ಆ ಅರ್ಧ ಪಾವು ಬೇಳೆ ಕಾಫಿ ಲೋಟದಲ್ಲಿ ಎಷ್ಟಾಗುತ್ತೆ? ಬೇಯಿಸೋದು ಪಾತ್ರೆಯಲ್ಲೋ ಕುಕ್ಕರಿನಲ್ಲೋ?’ ಎಂದು ಅಲ್ಲೇ ಕೆಳಗೆ ವಿಚಾರಿಸಬೇಕು.

ಎರಡನೆಯ ಪ್ರಶ್ನೆಯೇ ಬಸ್ಸಾರಿನ ಜೀವ. ನಾಲ್ಕು ಜನಕ್ಕೆ ಮುಕ್ಕಾಲು ಕಪ್ ತೊಗರಿಬೇಳೆ, ಆರು ಕಪ್ ನೀರು, ಒಂದು ದೊಡ್ಡ ಕಟ್ಟು ಸೊಪ್ಪು ಎಂದಿಟ್ಟುಕೊಳ್ಳಿ. ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸಿ, ಮುಕ್ಕಾಲು ಭಾಗ ಬೆಂದಾಗ ಸೊಪ್ಪು ಮತ್ತು ಉಪ್ಪು ಹಾಕಬೇಕು. ಬೇಳೆಯ ಒಂದು ಹೋಳನ್ನು ಎರಡು ಬೆರಳಿನ ನಡುವೆ ಒತ್ತಿದರೆ ಹಿಸುಕಬೇಕು, ಆದರೆ ಪಾತ್ರೆಯಲ್ಲಿ ಅದರ ಆಕಾರ ಉಳಿದಿರಬೇಕು. ಆಗ ಬಸಿದರೆ ತೆಳುವಾದ, ಹಳದಿ ಬಣ್ಣದ ಕಟ್ಟು ಬರುತ್ತದೆ. ಬೆಂದ ಬೇಳೆ-ಸೊಪ್ಪಿನಲ್ಲಿ ಒಂದು ಹಿಡಿ ತೆಗೆದು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ತೆಂಗಿನಕಾಯಿ, ಹುಣಸೆಹಣ್ಣು, ಸಾರಿನ ಪುಡಿಯ ಜೊತೆ ರುಬ್ಬಿ ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಬೇಳೆ-ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಹಾಕಿದರೆ ಪಲ್ಯ. ಕುಕ್ಕರಿನಲ್ಲಿ ಒಂದು ವಿಷಲ್ ಹೆಚ್ಚಾದರೂ ಬೇಳೆ ಕರಗಿಬಿಡುತ್ತದೆ. ಬಸಿಯಲು ಹೋದರೆ ಗಂಜಿಯಂತೆ ಇಳಿಯುತ್ತದೆ, ಪಲ್ಯ ಮುದ್ದೆಯಾಗುತ್ತದೆ. ಮನೆಯಲ್ಲಿ ದಿನವೂ ಮಾಡುವವರು ಇದನ್ನು ಕೈಯಳತೆಯಲ್ಲೇ ಸರಿಪಡಿಸಿಕೊಳ್ಳುತ್ತಾರೆ. ಹೊಸದಾಗಿ ಕಲಿಯುವವರಿಗೆ ಮಾತ್ರ ಆ ಬೇಳೆಯ ಹೋಳನ್ನು ಬೆರಳಿನಲ್ಲಿ ಒತ್ತಿ ಹತ್ತಿರದಿಂದ ತೋರಿಸಲೇಬೇಕು.

ಆದ್ದರಿಂದ ಸೂಚನೆ ಬಂದ ಕೂಡಲೇ ಕ್ಯಾಮೆರಾ ಹಚ್ಚುವುದು ಸರಿಯಲ್ಲ. ಹೇಳಿದ ಅಳತೆಯಲ್ಲಿ ಒಮ್ಮೆ ಮನೆಯಲ್ಲೇ ಮಾಡಿ, ಉಂಡು ನೋಡಬೇಕು. ಅಳತೆ ಬದಲಿಸಿದ್ದರೆ ವಿಡಿಯೊದಲ್ಲಿ ಹಾಗೆಂದು ಹೇಳಬೇಕು. ಸೂಚಿಸಿದವರ ಹೆಸರು, ಊರನ್ನು ಅವರ ಒಪ್ಪಿಗೆ ಕೇಳಿಯೇ ಹೇಳಬೇಕು. ವಿದೇಶದಲ್ಲಿರುವ ಕನ್ನಡಿಗರು ‘ಇಲ್ಲಿ ದಂಟು ಸಿಗಲ್ಲ, ಪಾಲಕ್ ಹಾಕಬಹುದಾ’ ಎಂದು ಕೇಳಿಯೇ ಕೇಳುತ್ತಾರೆ. ಹಾಕಬಹುದು, ಆದರೆ ಪಾಲಕ್ ಬಲು ಬೇಗ ಬೇಯುತ್ತದೆ, ನೀರೂ ಬಿಡುತ್ತದೆ. ಬೇಳೆ ಪೂರ್ತಿ ಹದಕ್ಕೆ ಬಂದ ಮೇಲೆ, ಇಳಿಸುವ ಎರಡು ನಿಮಿಷ ಮೊದಲು ಹಾಕಿದರೆ ಸಾಕು. ಈ ಉತ್ತರವನ್ನು ಎಲ್ಲರಿಗೂ ಕಾಣುವಂತೆ ಕಾಮೆಂಟ್‌ಗಳ ಮೇಲ್ಭಾಗದಲ್ಲಿ ಪಿನ್ ಮಾಡಿಟ್ಟರೆ ಅದೇ ಪ್ರಶ್ನೆ ಮತ್ತೆ ಮತ್ತೆ ಬರುವುದು ಕಡಿಮೆಯಾಗುತ್ತದೆ.

ಸಬ್‌ಸ್ಕ್ರೈಬ್ ಮಾಡಿ ಎಂದು ಕೇಳುವುದರ ಹಿಂದೆ ಲೆಕ್ಕವೂ ಇದೆ. ಜಾಹೀರಾತಿನ ಹಣದಲ್ಲಿ ಪಾಲು ಪಡೆಯಲು ಯೂಟ್ಯೂಬ್ ಕೇಳುವುದು 1,000 ಸಬ್‌ಸ್ಕ್ರೈಬರ್‌ಗಳನ್ನು, ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ 4,000 ಗಂಟೆ ವಿಡಿಯೊ ನೋಡಿರಬೇಕೆಂದು. ಶಾರ್ಟ್ಸ್ ಮಾಡುವವರಿಗೆ ಗಂಟೆಗಳ ಬದಲು ಬೇರೆ ಲೆಕ್ಕವಿದೆ. ಆ ಸಾವಿರವನ್ನು ಬೇಗ ಮುಟ್ಟುವ ಆಸೆಗೆ ಬಿದ್ದು ಕೆಲವರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ನೀವು ನನ್ನದಕ್ಕೆ ಆಗಿ, ನಾನು ನಿಮ್ಮದಕ್ಕೆ ಆಗುತ್ತೇನೆ’ ಎಂದು ಬದಲಿ ವ್ಯವಹಾರ ಮಾಡಿಕೊಳ್ಳುತ್ತಾರೆ. ಯೂಟ್ಯೂಬ್ ನಿಯಮ ಇದನ್ನು ಒಪ್ಪುವುದಿಲ್ಲ. ಹಾಗೆ ಬಂದವರು ವಿಡಿಯೊ ನೋಡುವುದೂ ಇಲ್ಲ, ಹಾಗಾಗಿ ಗಂಟೆಗಳ ಲೆಕ್ಕ ಇದ್ದಲ್ಲೇ ಇರುತ್ತದೆ. ಬಸ್ಸಾರಿನ ಬಗ್ಗೆ ಎರಡು ಸಾಲು ಬರೆದು ಸಬ್‌ಸ್ಕ್ರೈಬ್ ಆದವರು ತಮ್ಮ ಸೂಚನೆ ಏನಾಯಿತೆಂದು ನೋಡಲು ಮರಳಿ ಬರುತ್ತಾರೆ. ಅಂಥ ಐವತ್ತು ಜನ ಸಿಕ್ಕರೂ ಹೊಸ ಚಾನೆಲ್‌ಗೆ ದೊಡ್ಡ ಆಸ್ತಿ.

ಪೋಸ್ಟ್ ಹಾಕುವ ಮೊದಲು ಸೆಟ್ಟಿಂಗ್‌ನಲ್ಲಿ ಒಂದನ್ನು ಪರೀಕ್ಷಿಸಬೇಕು. ಮಕ್ಕಳ ಟಿಫನ್ ಬಾಕ್ಸ್ ಅಡುಗೆ ತೋರಿಸುವವರು, ಮಕ್ಕಳ ವಿಷಯವಲ್ಲವೇ ಎಂದುಕೊಂಡು, ಇಡೀ ಚಾನೆಲನ್ನೇ ‘ಮಕ್ಕಳಿಗಾಗಿ ಮಾಡಿದ್ದು’ ಎಂದು ಗುರುತು ಹಾಕಿಬಿಡುತ್ತಾರೆ. ಆಗ ಕಾಮೆಂಟೂ ಇರುವುದಿಲ್ಲ, ಬೆಲ್ಲೂ ಕೆಲಸ ಮಾಡುವುದಿಲ್ಲ, ಪೋಸ್ಟ್ ಹಾಕುವುದೂ ಆಗುವುದಿಲ್ಲ. ಆ ಆಯ್ಕೆ ಇರುವುದು ಮಕ್ಕಳೇ ನೋಡಲೆಂದು ಮಾಡಿದ ವಿಡಿಯೊಗಳಿಗೆ. ತಾಯಂದಿರಿಗಾಗಿ ಮಾಡಿದ ಟಿಫನ್ ಅಡುಗೆಗೆ ಅದು ಅನ್ವಯಿಸುವುದಿಲ್ಲ.

ಎರಡನೆಯ ವಾರದ ಪೋಸ್ಟ್ ಮೊದಲನೆಯದಕ್ಕೆ ಉತ್ತರವಾಗಿರಬೇಕು. ಬಂದ ಸೂಚನೆಗಳಲ್ಲಿ ಯಾವುದನ್ನು ಈ ಶನಿವಾರ ಮಾಡುತ್ತಿದ್ದೇವೆ, ಯಾವುದು ಸದ್ಯಕ್ಕಿಲ್ಲ, ಏಕೆ ಎಂದು ಬಿಡಿಸಿ ಹೇಳಬೇಕು. ಎರಡು ಮೂರು ಸೂಚನೆಗಳು ಒಂದೇ ತೂಕದವಾಗಿದ್ದರೆ ಅವನ್ನು ಪೋಲ್‌ಗೆ ಹಾಕಿ ನೋಡುಗರಿಗೇ ಆರಿಸಲು ಬಿಡಬಹುದು. ಜೂನ್ ತಿಂಗಳಲ್ಲಿ ಯಾರಾದರೂ ಹಸಿ ಅವರೆಕಾಳಿನ ಬಸ್ಸಾರು ಕೇಳಿದರೆ, ಸೊಗಡಿನ ಅವರೆಕಾಯಿ ಮಾರುಕಟ್ಟೆಗೆ ಬರುವುದು ಡಿಸೆಂಬರ್–ಜನವರಿಯಲ್ಲಿ, ಆಗಲೇ ಮಾಡಿ ತೋರಿಸುತ್ತೇವೆ, ಅಲ್ಲಿಯವರೆಗೆ ಅಲಸಂದೆ ಕಾಳಿನದನ್ನು ನೋಡಿ ಎಂದು ಅವರಿಗೆ ಬರೆಯಬೇಕು.