ಕತ್ತರಿಸಿದ ಕೊನೆಯ ದೃಶ್ಯ

2018ರಲ್ಲಿ ದೇಶದ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಿಡಿಯೊ ಹರಿದಾಡಿತು. ಮಕ್ಕಳು ಬೀದಿಯಲ್ಲಿ ಆಡುತ್ತಿದ್ದಾರೆ. ಇಬ್ಬರು ಬೈಕಿನಲ್ಲಿ ಬಂದು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಜೊತೆಗೆ, ಮಕ್ಕಳ ಕಳ್ಳರು ನಿಮ್ಮ ಊರಿಗೂ ಬಂದಿದ್ದಾರೆ ಎಂಬ ಸಂದೇಶ. ಇಂಥ ವದಂತಿಗಳ ನಡುವೆ ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಬಲಿಯಾದರು. ಅವರ ಜೊತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಸಾಕಾಗಿತ್ತು.

ಪಿಯು ತರಗತಿಯಲ್ಲಿ ಸುದ್ದಿ ಓದುವುದನ್ನು ಕಲಿಸಲು ಇದಕ್ಕಿಂತ ಹೊಂದುವ ಪಾಠ ನನಗೆ ಕಾಣುವುದಿಲ್ಲ.

ಮೊದಲು ಆ ತುಣುಕನ್ನಷ್ಟೇ ತೋರಿಸಿ, ಇದು ಯಾವ ಊರು, ಯಾವಾಗಿನದು, ತೆಗೆದವರು ಯಾರು ಎಂದು ಕೇಳಬೇಕು. ಉತ್ತರ ವಿಡಿಯೊದಲ್ಲಿ ಇಲ್ಲ. ಆಮೇಲೆ ವಿಡಿಯೊ ನಿಲ್ಲಿಸಿ, ಬೀದಿ, ಗೋಡೆ, ಬೈಕು ಸ್ಪಷ್ಟವಾಗಿ ಕಾಣುವ ಎರಡು ಮೂರು ಕಡೆ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿಸಬೇಕು. ಬೈಕು ವೇಗದಲ್ಲಿ ಮಸುಕಾದ ಚಿತ್ರ ಕೆಲಸಕ್ಕೆ ಬಾರದು. ಸಿಕ್ಕ ಫಲಿತಾಂಶಗಳಲ್ಲಿ ಹೊಸದನ್ನು ಬಿಟ್ಟು ಎಲ್ಲಕ್ಕಿಂತ ಹಳೆಯದನ್ನು ತೆರೆಯಬೇಕು. ಮೂಲ ಇರುವುದು ಆ ದಿಕ್ಕಿನಲ್ಲಿ.

ಈ ವಿಡಿಯೊದ ಮೂಲ ಪಾಕಿಸ್ತಾನದ ಕರಾಚಿ. ಕಾಣೆಯಾದ ಮಕ್ಕಳಿಗಾಗಿ ದುಡಿಯುವ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆಯ ಜಾಗೃತಿ ಜಾಹೀರಾತು ಅದು. ಪೂರ್ತಿ ನೋಡಿದರೆ ಬೈಕಿನವರು ತಿರುಗಿ ಬಂದು ಮಗುವನ್ನು ಇಳಿಸುತ್ತಾರೆ, ಮಕ್ಕಳನ್ನು ಅಪಹರಿಸುವುದು ಎಷ್ಟು ಸುಲಭ ಎಂದು ಎಚ್ಚರಿಸುವ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯನ್ನೇ ಕತ್ತರಿಸಿದ್ದರು. ಇಲ್ಲಿ ವಿದ್ಯಾರ್ಥಿಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕು. ಚಿತ್ರದಲ್ಲಿ ಏನನ್ನೂ ಸೇರಿಸಿರಲಿಲ್ಲ, ತಿದ್ದಿರಲಿಲ್ಲ. ಸುಳ್ಳು ಹುಟ್ಟಿದ್ದು ತೆಗೆದುಹಾಕಿದ ಭಾಗದಿಂದ ಮತ್ತು ಅಂಟಿಸಿದ ಒಕ್ಕಣೆಯಿಂದ. ಹಾಗಾಗಿ ‘ಕಣ್ಣಾರೆ ನೋಡಿದೆನಲ್ಲ’ ಎನ್ನುವವರು ನೋಡಿದ್ದೂ ನಿಜ, ನಂಬಿದ್ದು ಸುಳ್ಳು.

ಹುಡುಕಾಟಕ್ಕೂ ಮಿತಿಯಿದೆ. ಚಿತ್ರವನ್ನು ಎಡಬಲ ತಿರುಗಿಸಿದ್ದರೆ ಅಥವಾ ಅಂಚು ಕತ್ತರಿಸಿದ್ದರೆ ಮೂಲ ಸಿಗದೆ ಹೋಗಬಹುದು. ಏನೂ ಸಿಗಲಿಲ್ಲ ಎಂದಮಾತ್ರಕ್ಕೆ ಅದು ಹೊಸ ಘಟನೆ ಎಂದಾಗುವುದಿಲ್ಲ.

ಇನ್ನೂ ಒಂದು ಕೆಲಸ ಉಳಿದಿದೆ. ವಿಡಿಯೊ ಕರಾಚಿಯದು ಎಂದು ಗೊತ್ತಾದರೂ, ‘ಕಳ್ಳರು ಊರಿಗೆ ಬಂದಿದ್ದಾರೆ’ ಎಂಬ ಮಾತು ಬೇರೆಯದೇ ಹೇಳಿಕೆ. ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು: ಯಾವ ಬಡಾವಣೆಯಲ್ಲಿ, ಯಾವ ದಿನ, ಯಾರ ಮಗು, ಯಾವ ಠಾಣೆಯಲ್ಲಿ ದೂರು? ಸಂದೇಶದಲ್ಲಿ ಇವು ಇಲ್ಲದಿದ್ದರೆ ಠಾಣೆಗೆ ಫೋನ್ ಮಾಡಿ ಕೇಳಬೇಕು. ಹತ್ತು ಗುಂಪುಗಳಲ್ಲಿ ಅದೇ ಸಂದೇಶ ಬಂದಿದ್ದರೆ ಅದು ಹತ್ತು ಸಾಕ್ಷಿಯಲ್ಲ, ಒಂದೇ ಬರಹದ ಹತ್ತು ಪ್ರತಿ. ಊರಿನ ಹೆಸರಿನ ಜಾಗದಲ್ಲಿ ಪಕ್ಕದ ಜಿಲ್ಲೆಯ ಹೆಸರಿಟ್ಟು ಹುಡುಕಿದರೆ, ಅದೇ ವಾಕ್ಯ ಅಲ್ಲಿಯೂ ಓಡಾಡಿದ್ದು ಎಷ್ಟೋ ಸಲ ಸಿಗುತ್ತದೆ.